ಮೂವತ್ತು ಹಾಸಿಗೆಯ ವಾರ್ಡಿಗೆ ಹತ್ತು ಮನೆಗಳ ಡ್ಯೂಟಿ ಪಟ್ಟಿ

ಪ್ರಶ್ನೆ: ನಾನು 30 ಹಾಸಿಗೆಗಳ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ನನ್ನನ್ನು ಬಿಟ್ಟು 12 ಮಂದಿ ಶುಶ್ರೂಷಾಧಿಕಾರಿಗಳಿದ್ದಾರೆ. ಬೆಳಗ್ಗೆ 8ರಿಂದ 2ರವರೆಗೆ ಮೂವರು, 2ರಿಂದ ರಾತ್ರಿ 8ರವರೆಗೆ ಇಬ್ಬರು, ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಇಬ್ಬರು ಬೇಕು. ಒಬ್ಬೊಬ್ಬರಿಗೂ ಏಳು ರಾತ್ರಿ ಒಟ್ಟಿಗೆ ಹಾಕುತ್ತಿದ್ದೇನೆ. ಎಲ್ಲರೂ ಸುಸ್ತಾಗಿದ್ದಾರೆ, ಎಲ್ಲರೂ ತಮಗೇ ಅನ್ಯಾಯವಾಗಿದೆ ಎನ್ನುತ್ತಾರೆ, ಯಾರಾದರೂ ಹುಷಾರಿಲ್ಲವೆಂದರೆ ಅಂದಿನ ದಿನವೆಲ್ಲ ಫೋನಿನಲ್ಲೇ ಕಳೆಯುತ್ತದೆ. ಜನ ಹೆಚ್ಚು ಸಿಗುವಂತಿಲ್ಲ. ಏನು ಮಾಡಬಹುದು?

ಉತ್ತರ: ಸಿಸ್ಟರ್, ಮೊದಲು ಒಂದು ಲೆಕ್ಕವನ್ನು ಒಪ್ಪಿಕೊಂಡು ಮುಂದೆ ಹೋಗೋಣ. ಪ್ರತಿ ರಾತ್ರಿ ಇಬ್ಬರು ಎಂದರೆ ವರ್ಷಕ್ಕೆ 730 ರಾತ್ರಿ ಡ್ಯೂಟಿಗಳು. ಅದನ್ನು 12 ಮಂದಿಗೆ ಹಂಚಿದರೆ ತಲೆಗೆ ಸುಮಾರು 61 ರಾತ್ರಿಗಳು ಬರುತ್ತವೆ. ಪಟ್ಟಿಯನ್ನು ಹೇಗೆ ಬರೆದರೂ ಈ 61 ಕಡಿಮೆಯಾಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಆ ರಾತ್ರಿಗಳು ಹೇಗೆ ಗುಂಪುಗೂಡುತ್ತವೆ, ಅವುಗಳ ಹಿಂದೆ ಮುಂದೆ ಏನಿರುತ್ತದೆ, ಯಾರ ಜೊತೆ ಯಾರು ಬರುತ್ತಾರೆ ಎಂಬುದಷ್ಟೆ. ಆದರೆ ಸುಸ್ತು, ಅಸಮಾಧಾನ, ಫೋನಿನ ಪರದಾಟ ಈ ಮೂರಕ್ಕೂ ಕಾರಣ ಬಹುಮಟ್ಟಿಗೆ ಅಲ್ಲೇ ಇದೆ.

ಏಳು ರಾತ್ರಿ ಒಟ್ಟಿಗೆ ಎಂದರೆ ಒಂದೇ ವಾರದಲ್ಲಿ 84 ಗಂಟೆಗಳ ಕೆಲಸ. ಹಗಲಿನ ನಿದ್ರೆ ರಾತ್ರಿಯ ನಿದ್ರೆಗಿಂತ ಸಾಮಾನ್ಯವಾಗಿ ಒಂದೆರಡು ಗಂಟೆಯಾದರೂ ಕಡಿಮೆ ಇರುತ್ತದೆ. ಮನೆಯಲ್ಲಿ ಮಕ್ಕಳು, ಅಡುಗೆ, ಬಾಗಿಲು ತಟ್ಟುವವರು ಇದ್ದರೆ ಇನ್ನೂ ಕಡಿಮೆ. ಹೀಗೆ ಕಳೆದುಕೊಂಡ ನಿದ್ರೆ ಒಂದೊಂದು ದಿನವೂ ಸಾಲದಂತೆ ಬೆಳೆಯುತ್ತದೆ. ಏಳು ರಾತ್ರಿಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ ಎಂದು ಹಿರಿಯರು ಹೇಳುವುದುಂಟು, ಆದರೆ ಬೆಳಗ್ಗೆ 8ಕ್ಕೆ ಹೊರಬಂದು ಬಿಸಿಲಿನಲ್ಲಿ ಮನೆಗೆ ಹೋಗುವವರ ದೇಹದ ಗಡಿಯಾರ ಪೂರ್ತಿ ತಿರುಗುವುದು ಅಪರೂಪ. ಅರ್ಧ ತಿರುಗಿದ ಹೊತ್ತಿಗೆ ನಾವು ಅವರನ್ನು ಮತ್ತೆ ಬೆಳಗಿನ ಪಾಳಿಗೆ ಹಾಕುತ್ತೇವೆ. ಆದ್ದರಿಂದ ಎರಡೇ ರಾತ್ರಿ ಮಾಡಿಸಿ, ಗಡಿಯಾರ ತಿರುಗುವ ಮೊದಲೇ ಹಗಲಿಗೆ ಮರಳಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾಳಿಗಳು ಬೆಳಗ್ಗೆಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಎಂಬ ಕ್ರಮದಲ್ಲೇ ಮುಂದೆ ಸಾಗಬೇಕು, ಏಕೆಂದರೆ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ದೇಹಕ್ಕೆ ಸುಲಭ.

ಇನ್ನು ಪಟ್ಟಿಗೆ ಬರೋಣ. ಹತ್ತು ದಿನಗಳ ಒಂದು ಸುತ್ತನ್ನು ಚೌಕಾಬಾರದ ಮನೆಗಳಂತೆ ಹತ್ತು ಮನೆಗಳೆಂದು ಭಾವಿಸಿ. 1, 2, 3ನೇ ಮನೆಗಳು ಬೆಳಗಿನ ಪಾಳಿ, 4ನೆಯದು ಆಫ್, 5 ಮತ್ತು 6 ಸಂಜೆ ಪಾಳಿ, 7 ಮತ್ತು 8 ರಾತ್ರಿ ಪಾಳಿ, 9 ನೈಟ್ ಆಫ್, ಅಂದರೆ ಬೆಳಗ್ಗೆ 8ಕ್ಕೆ ಇಳಿದು ನಿದ್ರೆ ಮಾಡುವ ದಿನ, 10 ಪೂರ್ಣ ಆಫ್. ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ಒಂದೊಂದು ಮನೆಯಲ್ಲಿ ನಿಲ್ಲಿಸಿ, ದಿನಕ್ಕೊಂದು ಮನೆಯಂತೆ ಎಲ್ಲರನ್ನೂ ಮುಂದಕ್ಕೆ ನಡೆಸಿದರೆ, ಯಾವ ದಿನ ನೋಡಿದರೂ ಬೆಳಗ್ಗೆ ಮೂವರು, ಸಂಜೆ ಇಬ್ಬರು, ರಾತ್ರಿ ಇಬ್ಬರು ತಾವಾಗಿಯೇ ಇರುತ್ತಾರೆ. ಉಳಿದ ಇಬ್ಬರು ರಿಲೀವರ್‌ಗಳು, ಅಂದರೆ ರಜೆಯಲ್ಲಿರುವವರ ಜಾಗಕ್ಕೆ ಬರುವವರು; ಅವರ ವಿಷಯ ಮುಂದೆ ಹೇಳುತ್ತೇನೆ.

ಈ ಸುತ್ತಿನಲ್ಲಿ ವಿಶ್ರಾಂತಿಯ ಅಂತರಗಳನ್ನು ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ. ಎರಡು ಬೆಳಗಿನ ಪಾಳಿಗಳ ನಡುವೆ 18 ಗಂಟೆ, ಕೊನೆಯ ಸಂಜೆಯಿಂದ ಮೊದಲ ರಾತ್ರಿಗೆ 24 ಗಂಟೆ, ಎರಡನೇ ರಾತ್ರಿ ಮುಗಿದು ಮುಂದಿನ ಬೆಳಗಿನ ಪಾಳಿಗೆ 48 ಗಂಟೆ. ಎಲ್ಲಕ್ಕಿಂತ ಕಡಿಮೆಯೆಂದರೆ ಎರಡು ರಾತ್ರಿಗಳ ನಡುವಿನ 12 ಗಂಟೆ. ಯುರೋಪಿನ ಒಕ್ಕೂಟದ 2003ರ ಕೆಲಸದ ವೇಳೆಯ ನಿಯಮ ಎರಡು ದಿನಗಳ ಕೆಲಸದ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಬೇಕೆನ್ನುತ್ತದೆ. ಆ ಗೆರೆಯನ್ನು ನಿಮ್ಮ ಪಟ್ಟಿ ಎಲ್ಲೂ ಮುರಿಯುವುದಿಲ್ಲ. ಕೆಲಸದ ಗಂಟೆಗಳು ಹತ್ತು ದಿನಕ್ಕೆ 54, ವಾರಕ್ಕೆ ಸುಮಾರು 38. ಪ್ರತಿ ಪಾಳಿಯಲ್ಲೂ ಹ್ಯಾಂಡೋವರ್‌ಗೆ ಹಿಡಿಯುವ ಅರ್ಧ ಗಂಟೆಯನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ತಪ್ಪು. ಅದನ್ನು ಸೇರಿಸಿದರೆ ವಾರಕ್ಕೆ 40 ಗಂಟೆಯಾಗುತ್ತದೆ. ಸತತ ಡ್ಯೂಟಿ ನಾಲ್ಕು ದಿನ ಮೀರುವುದಿಲ್ಲ.

ನ್ಯಾಯದ ಪ್ರಶ್ನೆಗೆ ಈ ಹತ್ತು ಎಂಬ ಸಂಖ್ಯೆಯೇ ಉತ್ತರ ಕೊಡುತ್ತದೆ. ಸುತ್ತು 7 ಅಥವಾ 14 ದಿನಗಳದ್ದಾಗಿದ್ದರೆ ಒಬ್ಬರಿಗೆ ಭಾನುವಾರ ಸದಾ ಆಫ್, ಇನ್ನೊಬ್ಬರಿಗೆ ಭಾನುವಾರ ಸದಾ ರಾತ್ರಿ ಪಾಳಿ ಎಂದಾಗಿಬಿಡುತ್ತದೆ, ಆಗ ಇನ್‌ಚಾರ್ಜ್ ಕೈಯಾರೆ ತಿದ್ದಬೇಕಾಗುತ್ತದೆ, ಕೈಯಾರೆ ತಿದ್ದಿದ್ದೆಲ್ಲ ಪಕ್ಷಪಾತವಾಗಿ ಕಾಣುತ್ತದೆ. ಹತ್ತು ಮತ್ತು ಏಳಕ್ಕೆ ಸಾಮಾನ್ಯ ಅಪವರ್ತನ ಇಲ್ಲದ ಕಾರಣ 70 ದಿನಗಳಲ್ಲಿ ಬರುವ ಹತ್ತು ಭಾನುವಾರಗಳು ಪ್ರತಿಯೊಬ್ಬರಿಗೂ ಹತ್ತು ಬೇರೆ ಬೇರೆ ಮನೆಗಳಲ್ಲಿ ಬೀಳುತ್ತವೆ. ಮೂರು ಭಾನುವಾರ ಬೆಳಗ್ಗೆ, ಎರಡು ಸಂಜೆ, ಎರಡು ರಾತ್ರಿ, ಎರಡು ಪೂರ್ಣ ಆಫ್, ಒಂದು ನೈಟ್ ಆಫ್. ಇದು ಎಲ್ಲರಿಗೂ ಒಂದೇ, ನಿಮ್ಮ ಮರ್ಜಿಗೆ ಇಲ್ಲಿ ಜಾಗವೇ ಇಲ್ಲ. ಆದ್ದರಿಂದ ಪಟ್ಟಿಯನ್ನು ವಾರವಾರ ಬರೆಯದೆ ಒಮ್ಮೆಗೇ 70 ದಿನಗಳಿಗೆ ಬರೆದು ಗೋಡೆಗೆ ಹಚ್ಚಿ. ಊರಿಗೆ ಹೋಗುವವರಿಗೆ ಇದರಿಂದ ಇನ್ನೊಂದು ಉಪಕಾರವಿದೆ: 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ, ಮುಂದಿನ ಪಟ್ಟಿಯನ್ನು ಹಳೆಯದು ಮುಗಿಯುವ 60 ದಿನ ಮೊದಲೇ ಹಚ್ಚಿಬಿಟ್ಟರೆ ತಮ್ಮ ಆಫ್ ಯಾವ ದಿನ ಎಂದು ತಿಳಿದೇ ಅವರು ಟಿಕೆಟ್ ಮಾಡಿಸಬಹುದು.

ಯಾರನ್ನು ಯಾವ ಮನೆಯಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ನಿಮ್ಮ ವಿವೇಚನೆಗೆ ಬಿಟ್ಟದ್ದು, ಮತ್ತು ಇಡೀ ಪಟ್ಟಿಯಲ್ಲಿ ನಾನು ಅತ್ಯಂತ ಹೆಚ್ಚು ಸಮಯ ಕೊಡುವುದೂ ಇದಕ್ಕೇ. ಗಮನಿಸಿ: ರಾತ್ರಿ ಪಾಳಿಯಲ್ಲಿರುವ ಇಬ್ಬರೂ ಸದಾ ಅಕ್ಕಪಕ್ಕದ ಮನೆಯವರು, 7ರಲ್ಲೊಬ್ಬರು, 8ರಲ್ಲೊಬ್ಬರು. ಅಂದರೆ ಪ್ರತಿಯೊಬ್ಬರೂ ತಮ್ಮ ಮೊದಲ ರಾತ್ರಿಯನ್ನು ಮುಂದಿನವರೊಡನೆ, ಎರಡನೇ ರಾತ್ರಿಯನ್ನು ಹಿಂದಿನವರೊಡನೆ ಮಾಡುತ್ತಾರೆ. ಆದ್ದರಿಂದ ನಿಮ್ಮ 12 ಮಂದಿಯನ್ನು ಅನುಭವಿಗಳು ಆರು, ಹೊಸಬರು ಆರು ಎಂದು ವಿಂಗಡಿಸಿ. ಅನುಭವಿ ಎಂದರೆ ಸೇವಾವಧಿಯಲ್ಲ. ರಾತ್ರಿ 3 ಗಂಟೆಗೆ ರೋಗಿಯ ಉಸಿರು ಕೆಟ್ಟರೆ ಡಾಕ್ಟರು ಬರುವ ತನಕ ಏನು ಮಾಡಬೇಕೆಂದು ತಿಳಿದವರು. ಐವರು ಅನುಭವಿಗಳು, ಐವರು ಹೊಸಬರನ್ನು ವೃತ್ತದಲ್ಲಿ ಒಬ್ಬರು ಬಿಟ್ಟು ಒಬ್ಬರಂತೆ ನಿಲ್ಲಿಸಿದರೆ ಪ್ರತಿ ರಾತ್ರಿಯೂ, ಪ್ರತಿ ಸಂಜೆಯೂ ಒಬ್ಬ ಅನುಭವಿ ಇದ್ದೇ ಇರುತ್ತಾರೆ. ಬೆಳಗಿನ ಮೂವರಲ್ಲಿ ಕನಿಷ್ಠ ಒಬ್ಬರಿರುತ್ತಾರೆ. ಉಳಿದ ಒಬ್ಬ ಅನುಭವಿ, ಒಬ್ಬ ಹೊಸಬರು ರಿಲೀವರ್‌ಗಳಾಗುತ್ತಾರೆ.

ಈ ಜೋಡಣೆಯಿಂದ ಇನ್ನೊಂದು ಲಾಭವಿದೆ. ರಾತ್ರಿ ಪಾಳಿಯ ಇಬ್ಬರಲ್ಲಿ ಒಬ್ಬರಿಗೆ ಅದು ಎರಡನೇ ರಾತ್ರಿ, ಆಕೆ ನಿನ್ನೆ ರಾತ್ರಿಯೂ ಇದೇ ರೋಗಿಗಳನ್ನು ನೋಡಿದ್ದಾರೆ. ಇನ್ನೊಬ್ಬರು ನಿನ್ನೆ ಸಂಜೆ ಇದೇ ವಾರ್ಡಿನಲ್ಲಿದ್ದರು. 12ನೇ ಹಾಸಿಗೆಯ ಅಜ್ಜ ರಾತ್ರಿಯಲ್ಲಿ ಎದ್ದು ನಡೆಯುತ್ತಾರೆ ಎಂಬಂಥ, ಹ್ಯಾಂಡೋವರ್ ಪುಸ್ತಕದಲ್ಲಿ ಯಾರೂ ಬರೆಯದ ವಿಷಯಗಳು ಹೀಗೆ ಕೈತಪ್ಪದೆ ದಾಟುತ್ತವೆ. ಏಳು ರಾತ್ರಿಗಳ ಪದ್ಧತಿಯಲ್ಲಿ ಇಬ್ಬರೂ ಒಂದೇ ದಿನ ಬದಲಾದಾಗ ಆ ಮೊದಲ ರಾತ್ರಿ ವಾರ್ಡಿಗೆ ಇಬ್ಬರೂ ಹೊಸಬರಾಗಿರುತ್ತಿದ್ದರು. ಇದರ ದೋಷವೂ ಇದೆ, ಅದನ್ನು ಮುಚ್ಚಿಡಲಾರೆ: ಅಕ್ಕಪಕ್ಕದ ಇಬ್ಬರಿಗೆ ಹೊಂದಾಣಿಕೆ ಇಲ್ಲದಿದ್ದರೆ 70 ದಿನವೂ ಅವರು ಒಟ್ಟಿಗೇ ಇರಬೇಕಾಗುತ್ತದೆ, ಹೊಸಬರು ಇಬ್ಬರು ಹಿರಿಯರಿಂದ ಮಾತ್ರ ಕಲಿಯುತ್ತಾರೆ. ಆದ್ದರಿಂದ ಪ್ರತಿ 70 ದಿನಕ್ಕೊಮ್ಮೆ ಹಿರಿಯರನ್ನು ತಮ್ಮ ಜಾಗದಲ್ಲೇ ಬಿಟ್ಟು ಹೊಸಬರನ್ನು ಮಾತ್ರ ಎರಡು ಮನೆ ಮುಂದಕ್ಕೆ ಸರಿಸಿ.

ರಿಲೀವರ್‌ಗಳ ವಿಷಯದಲ್ಲಿ ಹೆಚ್ಚಿನ ವಾರ್ಡುಗಳು ಎಡವುತ್ತವೆ. ಇಬ್ಬರು ಸಾಕೇ ಎಂಬುದನ್ನು ನಿಮ್ಮ ಹಾಜರಿ ಪುಸ್ತಕವೇ ಹೇಳಬೇಕು. ಕಳೆದ ವರ್ಷ ಒಬ್ಬೊಬ್ಬರು ಸರಾಸರಿ 45 ದಿನ ರಜೆಯಲ್ಲಿದ್ದರು ಎಂದಿಟ್ಟುಕೊಂಡರೆ 12 ಮಂದಿಗೆ 540 ದಿನಗಳು. 365ರಿಂದ ಭಾಗಿಸಿದರೆ ಯಾವ ದಿನ ನೋಡಿದರೂ ಸರಾಸರಿ ಒಂದೂವರೆ ಮಂದಿ ಇರುವುದಿಲ್ಲ. ಇಬ್ಬರು ರಿಲೀವರ್‌ಗಳು ಇದನ್ನು ತಡೆದುಕೊಳ್ಳುತ್ತಾರೆ, ಆದರೆ ಒಂದೇ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಮುಂಗಡ ರಜೆ ಮಂಜೂರು ಮಾಡದಿದ್ದರೆ ಮಾತ್ರ. ರಜೆಗೆ ಹೋದವರ ಜಾಗಕ್ಕೆ ರಿಲೀವರ್ ಬಂದಾಗ ಆಕೆ ಆ ಸಾಲನ್ನು ಪೂರ್ತಿಯಾಗಿ, ಅದರ ಆಫ್ ಮತ್ತು ನೈಟ್ ಆಫ್ ಸಮೇತ ತೆಗೆದುಕೊಳ್ಳಬೇಕು. ಇವತ್ತು ಇವರ ಬೆಳಗಿನ ಪಾಳಿ, ನಾಳೆ ಅವರ ರಾತ್ರಿ ಎಂದು ತೇಪೆ ಹಾಕಲು ಬಳಸಿದರೆ ವಿಶ್ರಾಂತಿ ಮೊದಲು ಕೆಡುವುದು ರಿಲೀವರ್‌ಗೇ. ಯಾರೂ ರಜೆಯಲ್ಲಿಲ್ಲದ ದಿನ ಒಬ್ಬ ರಿಲೀವರ್ ಬೆಳಗಿನ ಪಾಳಿಗೂ ಇನ್ನೊಬ್ಬರು ಸಂಜೆ ಪಾಳಿಗೂ ಹೆಚ್ಚುವರಿಯಾಗಿ ಬರಲಿ. 70 ದಿನಕ್ಕೊಮ್ಮೆ ರಿಲೀವರ್‌ಗಳು ಬದಲಾದರೆ ಸುಮಾರು 14 ತಿಂಗಳಲ್ಲಿ ಎಲ್ಲರಿಗೂ ಒಂದೊಂದು ಸರದಿ ಸಿಗುತ್ತದೆ.

ಒಬ್ಬರನ್ನು ಸಂಜೆಗೇ ಇಡಬೇಕೆಂದು ಒತ್ತಾಯಿಸಲು ಕಾರಣವಿದೆ, ಅದು ನನ್ನ ಕೈಯಿಂದಲೇ ಆದ ತಪ್ಪಿನಿಂದ ಕಲಿತದ್ದು. ಬಹಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಬರಬೇಕಾದವರಿಗೆ ಜ್ವರ ಬಂದಾಗ ಬೆಳಗಿನ ಪಾಳಿ ಮುಗಿಸಿ ಹೊರಟವರನ್ನೇ ತಡೆದು, ಮನೆಗೆ ಹೋಗಿ ಊಟ ಮಾಡಿ 8ಕ್ಕೆ ಬಾಮ್ಮ ಎಂದು ಹೇಳಿದ್ದೆ. ಅಂದರೆ 24 ಗಂಟೆಯಲ್ಲಿ 18 ಗಂಟೆಯ ಕೆಲಸ. ಬೆಳಗಿನ ಜಾವ ಒಬ್ಬ ರೋಗಿಯ ಇನ್ಸುಲಿನ್ನನ್ನು ಸಿರಿಂಜಿಗೆ ತುಂಬಿಕೊಂಡು ಆಕೆ ಪಕ್ಕದ ಹಾಸಿಗೆಗೆ ಹೋದರು. ನನಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ ಎಂದು ಆ ರೋಗಿಯೇ ಹೇಳಿದ್ದರಿಂದ ಅನಾಹುತ ತಪ್ಪಿತು. ವಿಚಾರಣೆಯಲ್ಲಿ ಆಕೆಯ ಹೆಸರು ಬಂತು, ಡ್ಯೂಟಿ ಪಟ್ಟಿಯ ಮಾತು ಬರಲಿಲ್ಲ. ಆ ಪಟ್ಟಿಯಲ್ಲಿದ್ದದ್ದು ನನ್ನ ಕೈಬರಹ. ಆಕೆಯ ಪರವಾಗಿ ಅಂದು ನಾನು ಮಾತನಾಡಲಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಅದೇ ಸಂದರ್ಭ ಹತ್ತು ಮನೆಗಳ ಪಟ್ಟಿಯಲ್ಲಿ ಹೇಗೆ ನಡೆಯುತ್ತದೆ ನೋಡಿ. ಮೊದಲ ದಿನ 1ನೇ ಸಾಲಿನವರು 1ನೇ ಮನೆಯಲ್ಲಿ, 2ನೇ ಸಾಲಿನವರು 2ನೇ ಮನೆಯಲ್ಲಿ, ಹೀಗೆ ನಿಂತಿದ್ದಾರೆ. 7ನೇ ಸಾಲಿನವರು ಆ ದಿನ ಮತ್ತು ಮರುದಿನ ರಾತ್ರಿ ಬರಬೇಕು, ಆದರೆ ಬೆಳಗ್ಗೆ 11ಕ್ಕೆ ಜ್ವರವೆಂದು ಫೋನ್ ಮಾಡುತ್ತಾರೆ. ಸಂಜೆ ಪಾಳಿಯ ರಿಲೀವರ್ ಇನ್ನೂ ಮನೆಯಲ್ಲೇ ಇದ್ದಾರೆ. ಆಕೆಗೆ ಮಧ್ಯಾಹ್ನದ ಬದಲು ರಾತ್ರಿ ಬರಲು ಹೇಳಿದರೆ ಮುಗಿಯಿತು: ಆಕೆ ಹಗಲು ಮಲಗಿ ಬರಬಹುದು, ಸಂಜೆ ಪಾಳಿಯಲ್ಲಿ ಹೇಗೂ ಇಬ್ಬರಿದ್ದಾರೆ, ಎರಡು ರಾತ್ರಿಗಳನ್ನೂ ನಂತರದ ನೈಟ್ ಆಫ್ ಮತ್ತು ಆಫ್‌ಗಳನ್ನೂ ಆಕೆಯೇ ತೆಗೆದುಕೊಳ್ಳುತ್ತಾರೆ. ಒಂದೇ ಒಂದು ಫೋನ್ ಕರೆ. ಇದಕ್ಕಾಗಿ ವಾರ್ಡಿನಲ್ಲಿ ಒಂದು ನಿಯಮ ಬೇಕು: ರಾತ್ರಿ ಪಾಳಿಗೆ ಬರಲಾಗದವರು ಸಾಧ್ಯವಾದ ಮಟ್ಟಿಗೆ ಮಧ್ಯಾಹ್ನ 12ರೊಳಗೆ ತಿಳಿಸಬೇಕು. ಫೋನ್ ಮಾಡಿದವರನ್ನು ಆಗ ನೀವು ಗದರಿದರೆ ಮುಂದಿನ ಸಲ ಅವರು ಸಂಜೆ 7ಕ್ಕೆ ಫೋನ್ ಮಾಡುತ್ತಾರೆ, ಅದನ್ನು ನೆನಪಿಡಿ.

ಇಬ್ಬರೂ ರಿಲೀವರ್‌ಗಳು ಆಗಲೇ ಬೇರೆಯವರ ಸಾಲಿನಲ್ಲಿದ್ದರೆ ಏನು? ಆಗ ಹಿಂದಿನ ದಿನವೇ ವಿಷಯ ತಿಳಿದಿದ್ದರೆ 3ನೇ ಮನೆಯಲ್ಲಿ ನಿಲ್ಲಲಿರುವವರನ್ನು ಕೇಳಿ. ಆಕೆ ಅಂದಿನ ಬೆಳಗಿನ ಪಾಳಿಯನ್ನು ಬಿಟ್ಟು ರಾತ್ರಿ ಬರುತ್ತಾರೆ. ಮರುದಿನ ಬೆಳಗ್ಗೆ 8ಕ್ಕೆ ಇಳಿದಾಗ ಅದು ಆಕೆಯ 4ನೇ ಮನೆ, ಅಂದರೆ ಆಫ್. ಅದು ನಿದ್ರೆಯ ದಿನವಾಗುತ್ತದೆ. ಅದರ ಮರುದಿನ ಮಧ್ಯಾಹ್ನ 2ರ ಪಾಳಿಗೆ 30 ಗಂಟೆಗಳ ಬಿಡುವು ಉಳಿಯುತ್ತದೆ. ಬೆಳಗಿನ ಪಾಳಿ ಇಬ್ಬರಿಂದ, ಜೊತೆಗೆ ನಿಮ್ಮಿಂದ ನಡೆಯುತ್ತದೆ. ಎರಡನೇ ರಾತ್ರಿಗೆ, ಅಂದು 3ನೇ ಮನೆಗೆ ಬಂದಿರುವ ಮತ್ತೊಬ್ಬರನ್ನು ಹೀಗೆಯೇ ಕೇಳಬಹುದು. ನಾನು ಮಧ್ಯದ ಆಫ್ ಅನ್ನು 4ನೇ ಮನೆಯಲ್ಲಿ ಇಟ್ಟದ್ದು ಈ ಉದ್ದೇಶಕ್ಕೂ ಹೌದು. ಕೊರತೆ ಬಂದಾಗ ಅದನ್ನು ರಾತ್ರಿಯಲ್ಲಿ ಬಿಡದೆ ಬೆಳಗಿನ ಪಾಳಿಗೆ ದಾಟಿಸಬೇಕು, ಏಕೆಂದರೆ ಬೆಳಗ್ಗೆ ಡಾಕ್ಟರುಗಳೂ ನೀವೂ ಇರುತ್ತೀರಿ. ರಾತ್ರಿ 30 ರೋಗಿಗಳಿಗೆ ಇರುವುದು ಇಬ್ಬರೇ. ಹೀಗೆ ಕಳೆದುಕೊಂಡ ಆಫ್ ಅನ್ನು ಒಂದು ಪುಸ್ತಕದಲ್ಲಿ ಬರೆದು, 30 ದಿನಗಳೊಳಗೆ ಮರಳಿಸಿ. ಬಾಯಿಮಾತಿನಲ್ಲಿ ಉಳಿದ ಆಫ್‌ಗಳೇ ನೀವು ಹೇಳುವ ಅನ್ಯಾಯದ ಭಾವನೆಯ ದೊಡ್ಡ ಬೇರು.

ಅದೇ ಪುಸ್ತಕದಲ್ಲಿ ಹಬ್ಬಗಳಿಗೂ ಕೆಲವು ಪುಟಗಳು ಬೇಕು. ಭಾನುವಾರಗಳನ್ನು ಸುತ್ತು ಸಮವಾಗಿ ಹಂಚುತ್ತದೆ, ಆದರೆ ಯುಗಾದಿ, ರಂಜಾನ್, ಗೌರಿ ಗಣೇಶ, ದೀಪಾವಳಿ, ಕ್ರಿಸ್‌ಮಸ್ ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಅವನ್ನು ಸುತ್ತು ಸಮ ಮಾಡಲಾರದು. ಜನವರಿಯಲ್ಲಿ ಪ್ರತಿಯೊಬ್ಬರೂ ತಮಗೆ ಮುಖ್ಯವಾದ ಎರಡು ಹಬ್ಬಗಳನ್ನು ಬರೆದುಕೊಡಲಿ, ಒಂದನ್ನು ಖಚಿತವಾಗಿ ಕೊಡಿ, ಒಂದೇ ಹಬ್ಬಕ್ಕೆ ಹೆಚ್ಚು ಮಂದಿ ಇದ್ದರೆ ಹಿಂದಿನ ವರ್ಷ ಸಿಗದವರಿಗೆ ಮೊದಲು ಕೊಡಿ.

ಪರಸ್ಪರ ಡ್ಯೂಟಿ ಬದಲಾಯಿಸಿಕೊಳ್ಳುವುದನ್ನು ನಿಲ್ಲಿಸಬೇಡಿ, ಜನ ಅದರಿಂದಲೇ ತಮ್ಮ ಸಂಸಾರ ತೂಗಿಸುತ್ತಾರೆ. ಇಬ್ಬರ ಸಹಿ ಇರಲಿ, ಅನುಭವಿಗಳು ಅನುಭವಿಗಳೊಡನೆ ಬದಲಾಗಲಿ, ಬದಲಾದ ಮೇಲೂ ಎರಡು ಪಾಳಿಗಳ ನಡುವೆ 12 ಗಂಟೆ ಉಳಿಯಲಿ, ಮೂರಕ್ಕಿಂತ ಹೆಚ್ಚು ರಾತ್ರಿ ಸತತವಾಗದಿರಲಿ. ಇಷ್ಟು ಸರಿಯಿದ್ದರೆ ಕಾರಣ ಕೇಳದೆ ಒಪ್ಪಿಬಿಡಿ.

ಹನ್ನೆರಡು ಗಂಟೆಯ ರಾತ್ರಿಯ ಒಳಗೂ ಒಂದು ಪಟ್ಟಿ ಬೇಕು. ಬೆಳಗಿನ ಜಾವ 3ರಿಂದ 5ರವರೆಗೆ ದೇಹದ ಎಚ್ಚರ ಅತ್ಯಂತ ಕೆಳಗಿಳಿಯುತ್ತದೆ. ವಾರ್ಡು ಶಾಂತವಾಗಿರುವ ದಿನ ಇಬ್ಬರೂ ಸರದಿಯಂತೆ 1ರಿಂದ 4ರೊಳಗೆ 20ರಿಂದ 30 ನಿಮಿಷ ಕಣ್ಣು ಮುಚ್ಚಲಿ. ಅದನ್ನು ಕಳ್ಳತನದಂತೆ ಮಾಡಬೇಕಾಗಬಾರದು. ಎದ್ದ ತಕ್ಷಣ ಔಷಧಿಯ ಪ್ರಮಾಣ ಲೆಕ್ಕ ಹಾಕಬಾರದು, ಮಂಪರು ಇಳಿಯಲು ಕಾಲು ಗಂಟೆಯಾದರೂ ಬೇಕು. ಇನ್ಸುಲಿನ್, ಪೊಟ್ಯಾಸಿಯಂ, ಹೆಪಾರಿನ್‌ಗಳನ್ನು ಆ ಹೊತ್ತಿನಲ್ಲಿ ಇಬ್ಬರೂ ನೋಡಿಯೇ ಕೊಡಬೇಕು.

ಈ ಪಟ್ಟಿ ತಾಳಲಾರದ ಒಂದು ಸ್ಥಿತಿಯನ್ನು ಹೇಳಿಬಿಡುತ್ತೇನೆ. ಒಬ್ಬರು ಹೆರಿಗೆ ರಜೆಗೆ ಹೋದರೆ 26 ವಾರ 11 ಮಂದಿ ಉಳಿಯುತ್ತಾರೆ, ರಿಲೀವರ್ ಒಬ್ಬರೇ. ಸರಾಸರಿ ಗೈರುಹಾಜರಿ ಒಂದೂವರೆಯಾಗಿರುವಾಗ ಅದು ವಾರವೂ ನಿಲ್ಲದು. ಆಗ 4ನೇ ಮನೆಯ ಆಫ್ ಅನ್ನು ತೆಗೆದು ಒಂಬತ್ತು ಮನೆಗಳ ಸುತ್ತಿಗೆ ಇಳಿಯಬಹುದು. ಮತ್ತೆ ಇಬ್ಬರು ರಿಲೀವರ್‌ಗಳು ಸಿಗುತ್ತಾರೆ. ಆದರೆ ಬೆಲೆ ಇದೆ: ವಾರಕ್ಕೆ 38ರ ಬದಲು 42 ಗಂಟೆ, ನಾಲ್ಕರ ಬದಲು ಏಳು ದಿನ ಸತತ ಡ್ಯೂಟಿ. ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ವೃತ್ತದಲ್ಲಿ ಒಂದು ಕಡೆ ಒಂದೇ ಬಗೆಯ ಇಬ್ಬರು ಅಕ್ಕಪಕ್ಕ ಬಂದೇ ಬರುತ್ತಾರೆ. ಅಲ್ಲಿ ಇಬ್ಬರೂ ಅನುಭವಿಗಳೇ ಆಗಿರುವಂತೆ ನೋಡಿಕೊಳ್ಳಿ. ಸೂಪರಿಂಟೆಂಡೆಂಟ್ ಅವರಿಗೆ ಈ ಎರಡು ಲೆಕ್ಕಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟು ತಾತ್ಕಾಲಿಕವಾಗಿ ಒಬ್ಬರನ್ನು ಕೇಳಿ. ಕೆಲಸದ ಹೊರೆ ಹೆಚ್ಚು ಎಂಬ ಮಾತಿಗಿಂತ ಆ ಹಾಳೆಗೆ ಬೇಗ ಉತ್ತರ ಬರುವುದನ್ನು ನಾನು ಕಂಡಿದ್ದೇನೆ.

ಆರಂಭದ ದಿನ ಮಾತ್ರ ಸ್ವಲ್ಪ ಎಚ್ಚರ ಬೇಕು. ಹಳೆಯ ಪದ್ಧತಿಯಲ್ಲಿ ಅಂದು ಬೆಳಗ್ಗೆ ಏಳನೇ ರಾತ್ರಿ ಮುಗಿಸಿ ಇಳಿಯುವ ಇಬ್ಬರಲ್ಲಿ ಒಬ್ಬರನ್ನು 9ನೇ ಮನೆಯಲ್ಲಿ ನಿಲ್ಲಿಸಿ. ಇನ್ನೊಬ್ಬರನ್ನು 10ನೇ ಮನೆಗೆ ಹಾಕಿದರೆ ನಿದ್ರೆ ಮುಗಿಯುವಷ್ಟರಲ್ಲಿ ಬೆಳಗಿನ ಪಾಳಿ ಬಂದುಬಿಡುತ್ತದೆ. ಆದ್ದರಿಂದ ಆಕೆಯನ್ನು ಮೊದಲ 70 ದಿನಗಳ ಸಂಜೆ ರಿಲೀವರ್ ಮಾಡಿ, ಮೊದಲ ಎರಡು ದಿನ ಬಿಡುವು ಕೊಟ್ಟು, ಮೂರನೇ ದಿನ ಮಧ್ಯಾಹ್ನ 2ಕ್ಕೆ ಬರಲು ಹೇಳಿ.